ಕೆರೆ ಶಾಸನಗಳ ಉಪನ್ಯಾಸ: ಪದಪಟ್ಟಿ ಕೊಟ್ಟರೂ ಅಕ್ಷರರೂಪ ಸರಿ ಬರುತ್ತಿಲ್ಲ

ಕಲ್ಲುಬರಹ

ಎಲ್ಲರಿಗೂ ನಮಸ್ಕಾರ. ನಮ್ಮ ಇತಿಹಾಸ ಬಳಗದಲ್ಲಿ ಕೆರೆ ಶಾಸನಗಳ ಬಗ್ಗೆ ಒಂದು ಉಪನ್ಯಾಸ ಆಯಿತು. ಸುಮಾರು ಒಂದೂಕಾಲು ಗಂಟೆಯ ರೆಕಾರ್ಡಿಂಗ್ ಇದೆ, ಧ್ವನಿ ಚೆನ್ನಾಗಿದೆ. ಅದನ್ನು ಬರಹಕ್ಕೆ ಇಳಿಸಿ ಪುಸ್ತಿಕೆ ಮಾಡಬೇಕು ಅಂತ ಇದ್ದೇವೆ. ನನ್ನ ಲ್ಯಾಪ್‌ಟಾಪ್‌ನಲ್ಲೇ, ಮಾತನ್ನು ಬರಹ ಮಾಡುವ ವಿಸ್ಪರ್‌ನ ದೊಡ್ಡ ಮಾಡೆಲ್ ಓಡಿಸುತ್ತಿದ್ದೇನೆ.

ಮಾಮೂಲಿ ಮಾತು ಓದುವ ಮಟ್ಟಿಗೆ ಬರುತ್ತಿದೆ, ತಿದ್ದಿಕೊಳ್ಳಬಹುದು. ತೊಂದರೆ ಇರುವುದು ಶಾಸನದ ಪದಗಳಲ್ಲಿ. ‘ಬಿತ್ತುವಟ್ಟ’, ಅಂದರೆ ಕೆರೆಯ ಉಸ್ತುವಾರಿಗೆ ಬಿಟ್ಟ ಭೂಮಿ, ‘ಬಿತ್ತು ಪಟ್ಟ’ ಅಂತ ಬರುತ್ತೆ. ‘ನಿಸಿದಿ’ ಹೋಗಿ ‘ನಿಷೇಧ’ ಆಗಿದೆ. ‘ಐವತ್ತು ಕಮ್ಮ’ ಅನ್ನುವುದು ‘ಐವತ್ತು ಕಮ್ಮಿ’ ಆಗಿದೆ. ಇದು ಎಲ್ಲಕ್ಕಿಂತ ಅಪಾಯದ್ದು. ಕಮ್ಮ ನೆಲದ ಅಳತೆ. ಓದುವವರಿಗೆ ದಾನ ಕೊಟ್ಟ ಭೂಮಿಯೇ ಕಡಿಮೆಯಾದ ಹಾಗೆ ಕಾಣುತ್ತೆ, ತಪ್ಪಾಗಿದೆ ಅಂತ ಅನುಮಾನವೂ ಬರಲ್ಲ.

ನಮ್ಮ ಬಳಿ ಸುಮಾರು 400 ಪದಗಳ ಒಂದು ಪಟ್ಟಿ ಮೊದಲೇ ಇತ್ತು, ಅಕಾರಾದಿಯಲ್ಲಿ. ಅದನ್ನೇ ಪೂರ್ತಿ, ಮಾಡೆಲ್‌ಗೆ ಮೊದಲೇ ಸುಳಿವು ಕೊಡುವ `initial_prompt` ಒಳಗೆ ಹಾಕಿದೆ. ಏನೂ ವ್ಯತ್ಯಾಸ ಆಗಲಿಲ್ಲ. ಆಮೇಲೆ `faster-whisper`ನಲ್ಲಿ `hotwords` ಅಂತ ಇದೆ ಎಂದು ತಿಳಿದು ಅಲ್ಲಿ ಅದೇ ಪಟ್ಟಿ ಹಾಕಿದೆ. ಈಗ ವಿಚಿತ್ರ ನೋಡಿ: ‘ಅಗ್ರಹಾರ’, ‘ಅರುವಣ’, ‘ಆತಕೂರು’ ಸರಿಯಾಗಿ ಬರುತ್ತಿವೆ. ಬಿತ್ತುವಟ್ಟ, ದಸವಂದ, ಮತ್ತರು ಹಾಗೇ ಕೆಟ್ಟಿವೆ. ಜೊತೆಗೆ ಸ್ಲೈಡ್ ಬದಲಿಸುವಾಗ ಸದ್ದಿಲ್ಲದ ಒಂದು ಕಡೆ ‘ಅಗ್ರಹಾರ ಅರುವಣ ಆಯ’ ಅಂತ ತಾನೇ ಬರೆದುಕೊಂಡಿದೆ. ಅಲ್ಲಿ ಯಾರೂ ಮಾತೇ ಆಡಿಲ್ಲ.

ಎಲ್ಲಿ ಎಡವುತ್ತಿದ್ದೇನೆ?

ಹಾಸನದ ಹುಡುಗ

ಪದಪಟ್ಟಿಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ ಸರ್. ಮೊದಲು ಸುಮ್ನೆ ಓಡಿಸಿ. ಬಂದ ಬರಹದಲ್ಲಿ ಹುಡುಕಿ ಬದಲಾಯಿಸಿ. ‘ಬಿತ್ತು ಪಟ್ಟ’ ಇದ್ದಲ್ಲೆಲ್ಲ ‘ಬಿತ್ತುವಟ್ಟ’, ಒಂದೇ ಏಟಿಗೆ ಮುಗಿಯುತ್ತೆ. ಇಲ್ಲವಾದರೆ ಗೂಗಲ್‌ನ ಕ್ಲೌಡ್ ಸ್ಪೀಚ್‌ನಲ್ಲಿ ಪದಗಳಿಗೆ ಬೂಸ್ಟ್, ಅಂದರೆ ಹೆಚ್ಚಿನ ತೂಕ, ಕೊಡಬಹುದು. 20ರವರೆಗೆ ಕೊಡಬಹುದು. ಎಲ್ಲಾ ಪದಕ್ಕೂ 20 ಹಾಕಿಬಿಡಿ.

ಮಲೆನಾಡ ವೈದ್ಯೆ

ನನಗೂ ಇದೇ ತೊಂದರೆ ಇದೆ, ಇಲ್ಲೇ ಕೇಳಿಬಿಡುತ್ತೇನೆ. ಆಶಾ ಕಾರ್ಯಕರ್ತೆಯರಿಗೆ ಮಂಗನ ಕಾಯಿಲೆಯ ಬಗ್ಗೆ ಒಂದು ತರಬೇತಿ ಭಾಷಣ ಇದೆ. ಮಾತು ಕನ್ನಡ, ಮಧ್ಯೆ ಮಧ್ಯೆ ಇಂಗ್ಲಿಷ್ ಮತ್ತು ಲ್ಯಾಟಿನ್ ಹೆಸರು. ರೋಗ ಹರಡುವ ಉಣ್ಣೆಯ ಹೆಸರು ‘ಹೀಮಾಫೈಸಾಲಿಸ್ ಸ್ಪಿನಿಜೆರಾ’. ಅದು ಒಂದೊಂದು ಸಲ ಒಂದೊಂದು ಥರ ಬರುತ್ತಿದೆ. ‘ಕ್ಯಾಸನೂರು’ ಕೂಡ. ನೀವು ಹೇಳುವ ಪದಪಟ್ಟಿಯಿಂದ ಇಂಗ್ಲಿಷ್ ಪದಗಳನ್ನು ಕನ್ನಡಕ್ಕೆ ಅನುವಾದ ಮಾಡಿಸಬಹುದಾ? ‘ಪ್ಲೇಟ್‌ಲೆಟ್’ ಅಂದಲ್ಲಿ ಕನ್ನಡ ಪದ ಬಂದರೆ ನಮ್ಮ ಕಾರ್ಯಕರ್ತೆಯರಿಗೆ ಅನುಕೂಲ.

ಧ್ವನಿಗೆರೆ

ಮೇಡಂ, ಪದಪಟ್ಟಿಯಿಂದ ಅನುವಾದ ಆಗುವುದಿಲ್ಲ. ಆಡಿದ ಪದವನ್ನು ಗುರುತಿಸಲು ಅದು ಒಂದು ಸುಳಿವು ಅಷ್ಟೇ. ಲ್ಯಾಟಿನ್ ಹೆಸರಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕಲ್ಲುಬರಹ ಅವರೇ, ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಅ, ಆ ಪದಗಳು ಮಾತ್ರ ಸರಿ ಬಂದವು ಅಂದಿರಲ್ಲ, ಪಟ್ಟಿ ಅಷ್ಟಕ್ಕೇ ಕತ್ತರಿಸಿ ಹೋಗಿದೆ.

ಮಾಡೆಲ್ ಬರಹವನ್ನು ಟೋಕನ್ ಎಂಬ ಚಿಕ್ಕ ತುಂಡುಗಳಾಗಿ ನೋಡುತ್ತೆ. ವಿಸ್ಪರ್ ಮಾಡೆಲ್‌ಗೆ ಒಂದು ಸಲಕ್ಕೆ 448 ಟೋಕನ್‌ಗಳ ಜಾಗ. ಸುಳಿವಿಗೆ ಅದರಲ್ಲಿ ಅರ್ಧ, ಅಂದರೆ 220ರ ಆಸುಪಾಸು. ಇಂಗ್ಲಿಷಿನಲ್ಲಿ ಮಾಮೂಲಿ ಪದಕ್ಕೆ ಒಂದೆರಡು ಟೋಕನ್ ಸಾಕು. ಕನ್ನಡದ ಕತೆ ಬೇರೆ. ನಮ್ಮ ಲಿಪಿಯ ಒಂದೊಂದು ಚಿಹ್ನೆಗೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ‘ಬಿತ್ತುವಟ್ಟ’ ಬಿಡಿಸಿದರೆ ಅಕ್ಷರ, ಗುಣಿತದ ಚಿಹ್ನೆ, ಒತ್ತಿನ ಗುರುತು ಎಲ್ಲಾ ಸೇರಿ 10 ಚಿಹ್ನೆ, ಅಂದರೆ 30 ಬೈಟ್. ಈ ಮಾಡೆಲ್‌ನ ಟೋಕನ್‌ಗಳು ಬೈಟ್‌ಗಳ ಮೇಲೆ ಕಟ್ಟಿದವು. ಕನ್ನಡ ಪದ ಚೂರುಚೂರಾಗಿ ಒಡೆಯುತ್ತೆ, ಜಾಗ ಬೇಗ ತುಂಬುತ್ತೆ. 400 ಪದ ಅಲ್ಲಿ ಹಿಡಿಸುವ ಮಾತೇ ಇಲ್ಲ.

ಮುಖ್ಯವಾದದ್ದು ಇನ್ನೊಂದಿದೆ. ಉದ್ದ ಜಾಸ್ತಿಯಾದಾಗ ಈ ಎರಡು ಸೌಲಭ್ಯಗಳು ಕತ್ತರಿಸುವ ತುದಿ ಬೇರೆ ಬೇರೆ. `initial_prompt`ನಲ್ಲಿ ಕೊನೆಯ ಭಾಗ ಉಳಿಯುತ್ತೆ, ಮೊದಲ ಭಾಗ ಹೋಗುತ್ತೆ. `hotwords`ನಲ್ಲಿ ಮೊದಲ ಭಾಗ ಉಳಿಯುತ್ತೆ, ಕೊನೆಯದು ಹೋಗುತ್ತೆ. ಯಾವುದರಲ್ಲೂ ಎಚ್ಚರಿಕೆಯ ಸಂದೇಶ ಬರಲ್ಲ. ನಿಮ್ಮದು ಅಕಾರಾದಿ ಪಟ್ಟಿ. ಹಾಗಾಗಿ `hotwords`ನಲ್ಲಿ ಅಗ್ರಹಾರ, ಅರುವಣ ಉಳಿದವು.

ಮೊದಲ ಪ್ರಯತ್ನದಲ್ಲಿ ಏನೂ ಆಗಲಿಲ್ಲ ಅಂದಿರಿ. ಅದಕ್ಕೆ ಕಾರಣ ಬೇರೆ ಇದೆ. `initial_prompt` ಹೆಸರೇ ಹೇಳುವಂತೆ ಶುರುವಿಗೆ ಮಾತ್ರ. ವಿಸ್ಪರ್ ಧ್ವನಿಯನ್ನು 30 ಸೆಕೆಂಡಿನ ಕಿಟಕಿಗಳಲ್ಲಿ ನೋಡುತ್ತೆ. ಮೊದಲ ಕಿಟಕಿಗೆ ನಿಮ್ಮ ಸುಳಿವು ಸಿಗುತ್ತೆ. ಆಮೇಲೆ ಅದೇ ಜಾಗಕ್ಕೆ ತಾನು ಬರೆದ ಹಿಂದಿನ ಮಾತು ಬಂದು ಕೂರುತ್ತೆ, ನಿಮ್ಮ ಪಟ್ಟಿಯನ್ನು ಮೆಲ್ಲಗೆ ಹೊರಗೆ ತಳ್ಳುತ್ತೆ. ಒಂದೇ ಸಾಲು ಮತ್ತೆ ಮತ್ತೆ ಬರುವ ಕಾಟ ತಪ್ಪಿಸಲು ನೀವು `condition_on_previous_text` ಆಫ್ ಮಾಡಿದ್ದರೆ ಇನ್ನೂ ಬೇಗ: ಮೊದಲ ಕಿಟಕಿ ಮುಗಿದ ಕೂಡಲೇ ಸುಳಿವು ಮಾಯ. ಉಪನ್ಯಾಸದ ಮೊದಲ ಅರ್ಧ ನಿಮಿಷದಲ್ಲಿ ಸಾಮಾನ್ಯವಾಗಿ ಇರುವುದು ಸ್ವಾಗತ, ವಂದನೆ. ಅಲ್ಲಿ ಬಿತ್ತುವಟ್ಟ ಎಲ್ಲಿಂದ ಬರಬೇಕು?

`hotwords` ಪ್ರತಿ ಕಿಟಕಿಗೂ ಹೋಗುತ್ತೆ. ಮೂಲ ವಿಸ್ಪರ್‌ನ ಹೊಸ ಆವೃತ್ತಿಯಲ್ಲಿ `--carry_initial_prompt True` ಕೊಟ್ಟರೂ ಸುಳಿವು ಕೊನೆಯವರೆಗೆ ಬರುತ್ತೆ. ಆದರೆ ಎರಡಕ್ಕೂ ಪಟ್ಟಿ ಚಿಕ್ಕದಿರಬೇಕು. ಹಾಕುವ ಮೊದಲು ಎಣಿಸಿ ನೋಡಿ:

```python
from faster_whisper import WhisperModel
m = WhisperModel("large-v3")
p = "ಬಿತ್ತುವಟ್ಟ ದಸವಂದ ಕಟ್ಟುಗೊಡಗೆ ಮತ್ತರು"
print(len(m.hf_tokenizer.encode(" " + p,
      add_special_tokens=False).ids))
```

ಈ ಸಂಖ್ಯೆ 223 ದಾಟಿದರೆ ಪಟ್ಟಿ ಕತ್ತರಿಸಿ ಹೋಗುತ್ತೆ. ನನ್ನ ಅಭ್ಯಾಸ 150ರ ಒಳಗೆ ನಿಲ್ಲಿಸುವುದು.

ಕಲ್ಲುಬರಹ

ಧ್ವನಿಗೆರೆ ಸರ್, ಎಣಿಸಿ ನೋಡಿದೆ, ನೀವು ಹೇಳಿದ್ದು ನಿಜ. ನಮ್ಮ ಪಟ್ಟಿ ‘ಇ’ ಅಕ್ಷರ ಮುಟ್ಟುವ ಮೊದಲೇ ಜಾಗ ಮುಗಿದಿದೆ. ಹಾಗಾದರೆ 400ರಲ್ಲಿ ಯಾವ ಪದ ಉಳಿಸಿಕೊಳ್ಳುವುದು, ಯಾವುದನ್ನು ಬಿಡುವುದು? ಎಲ್ಲವೂ ಬೇಕಾದ ಪದಗಳೇ.

ಹಾಸನದ ಹುಡುಗ

ಅದಕ್ಕೇ ಹೇಳಿದ್ದು, ಹುಡುಕಿ ಬದಲಾಯಿಸುವುದೇ ಸುಲಭ ಅಂತ.

ಧ್ವನಿಗೆರೆ

ನಿಮ್ಮ ಮಾತಿನಲ್ಲಿ ಅರ್ಧ ಸತ್ಯ ಇದೆ, ಆ ಅರ್ಧ ಉಪಯೋಗಕ್ಕೂ ಬರುತ್ತೆ. ‘ಬಿತ್ತು ಪಟ್ಟ’ ಅನ್ನುವ ಜೋಡಿ ಮಾಮೂಲಿ ಮಾತಿನಲ್ಲಿ ಬರುವುದಿಲ್ಲ. ಕಣ್ಣು ಮುಚ್ಚಿ ಬದಲಾಯಿಸಬಹುದು. ಆದರೆ ‘ಕಮ್ಮಿ’ ಇದ್ದಲ್ಲೆಲ್ಲ ‘ಕಮ್ಮ’ ಮಾಡಿದರೆ? ‘ಮಳೆ ಕಮ್ಮಿ ಇರುವ ಬಯಲುಸೀಮೆ’ ಅಂತ ಉಪನ್ಯಾಸಕರು ಹೇಳಿದ್ದೂ ಕೆಡುತ್ತೆ. ಇನ್ನೊಂದು, ತಪ್ಪು ಯಾವಾಗಲೂ ಒಂದೇ ರೂಪದಲ್ಲಿ ಬರಲ್ಲ. ಬಿತ್ತುವಟ್ಟ ಒಂದು ಕಡೆ ‘ಬಿತ್ತು ಪಟ್ಟ’, ಇನ್ನೊಂದು ಕಡೆ ‘ಬಿಟ್ಟು ಬಿಟ್ಟ’ ಆಗಿರಬಹುದು. ‘ಬಿಟ್ಟು ಬಿಟ್ಟ’ ಕನ್ನಡವೇ ಅಲ್ವಾ, ಅದನ್ನು ಹುಡುಕಿ ಬದಲಾಯಿಸಲು ಆಗಲ್ಲ.

ಕಲ್ಲುಬರಹ ಅವರೇ, ಪಟ್ಟಿಯನ್ನು ಪುಸ್ತಕದಿಂದ ಅಥವಾ ನಿಘಂಟಿನಿಂದ ಮಾಡಬೇಡಿ, ತಪ್ಪುಗಳಿಂದ ಮಾಡಿ. ಉಪನ್ಯಾಸದ ನಡುವಿನ ಹತ್ತು ನಿಮಿಷ ತೆಗೆದುಕೊಳ್ಳಿ, ಪದ ಜಾಸ್ತಿ ಇರುವ ಭಾಗ. ಪಟ್ಟಿಯಿಲ್ಲದೆ ಓಡಿಸಿ. ಕಿವಿಗೆ ಹೆಡ್‌ಫೋನ್ ಹಾಕಿ ಬರಹದ ಜೊತೆ ಕೇಳುತ್ತಾ ಹೋಗಿ. ತಪ್ಪಾದ ಪದ ಸಿಕ್ಕಿದಾಗ ಎರಡು ಬರೆದುಕೊಳ್ಳಿ: ಅವರು ಆಡಿದ್ದು ಏನು, ಯಂತ್ರ ಬರೆದದ್ದು ಏನು. ‘ಮಹಾಮಂಡಲೇಶ್ವರ’, ‘ಶ್ರವಣಬೆಳಗೊಳ’ ಪಟ್ಟಿಯಿಲ್ಲದೆಯೇ ಸರಿ ಬಂದಿದ್ದರೆ ಅವನ್ನು ಹಾಕಲೇಬೇಡಿ. ಸರಿ ಬರುವ ಪದಕ್ಕೆ ಜಾಗ ಕೊಟ್ಟರೆ ಕೆಡುವ ಪದಕ್ಕೆ ಜಾಗ ಉಳಿಯಲ್ಲ.

ಹೀಗೆ ಮಾಡಿದಾಗ 400ರಲ್ಲಿ ನಿಜವಾಗಿ ಬೇಕಾದವು ಬೆರಳೆಣಿಕೆಗೆ ಇಳಿಯುತ್ತವೆ. ಒಬ್ಬರು ಒಂದು ಉಪನ್ಯಾಸದಲ್ಲಿ 400 ಪಾರಿಭಾಷಿಕ ಪದ ಬಳಸುವುದೇ ಇಲ್ಲ.

ಹಳೆಲಿಪಿ

ನಾನು ಶಾಸನಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಯಂತ್ರದ ವಿಷಯ ನನಗೆ ಅಷ್ಟಾಗಿ ಗೊತ್ತಿಲ್ಲ. ಪದಗಳ ವಿಷಯದಲ್ಲಿ ಒಂದು ಮಾತು.

ಪಟ್ಟಿಗೆ ಹಾಕುವಾಗ ಶಾಸನದಲ್ಲಿ ಇರುವ ಹಾಗೇ ಬರೆಯಿರಿ. ‘ಬಾಳ್ಗಳ್ಚು’ ಅಂತ ಬರೆಯುವುದು ಸರಿಯಲ್ಲ, ‘ಬಾಳ್ಗೞ್ಚು’ ಆಗಬೇಕು. ಆತಕೂರು ಶಾಸನದಲ್ಲಿ ಬರುವ ಮುಖ್ಯ ಪದ ಅದು. ತಕ್ಕೋಲದ ಯುದ್ಧದಲ್ಲಿ ಹೋರಾಡಿದ ಮಣಲೇರನಿಗೆ ಭೂಮಿ ಕೊಟ್ಟ ಸಂದರ್ಭ. ಆ ಶಾಸನದಲ್ಲೇ ಕಾಳಿ ಎಂಬ ನಾಯಿಯ ಕತೆ ಬರುವುದು. ೞಕಾರವನ್ನು ಳಕಾರ ಮಾಡಿ ಪುಸ್ತಿಕೆ ಅಚ್ಚು ಹಾಕಿದರೆ ಮುಂದೆ ಓದುವ ವಿದ್ಯಾರ್ಥಿಗೆ ಪದದ ಮೂಲವೇ ತಪ್ಪಿಹೋಗುತ್ತದೆ.

ಧ್ವನಿಗೆರೆ

ಸರ್, ಪುಸ್ತಿಕೆಯಲ್ಲಿ ೞ ಇರಲೇಬೇಕು, ಒಪ್ಪಿದೆ. ಆದರೆ ಯಂತ್ರಕ್ಕೆ ಕೊಡುವ ಪಟ್ಟಿಯಲ್ಲಿ ಬೇಡ. ಇವತ್ತಿನ ಕನ್ನಡ ಬರಹದಲ್ಲಿ ೞ, ಱ ಬಹಳ ಅಪರೂಪ. ಮಾಡೆಲ್ ಅವನ್ನು ತಾನಾಗಿ ಬರೆಯುವುದಿಲ್ಲ. ಉಪನ್ಯಾಸಕರ ಬಾಯಲ್ಲೂ ಅದು ಹೆಚ್ಚುಕಡಿಮೆ ಳ ಥರವೇ ಕೇಳುತ್ತೆ. ಹಾಗಾಗಿ ಪಟ್ಟಿಯಲ್ಲಿ ‘ಬಾಳ್ಗಳ್ಚು’ ಕೊಟ್ಟು, ಬರಹ ಬಂದ ಮೇಲೆ ‘ಬಾಳ್ಗಳ್ಚು’ ಇದ್ದಲ್ಲೆಲ್ಲ ‘ಬಾಳ್ಗೞ್ಚು’ ಮಾಡುವುದು. ಹಾಸನದವರ ಉಪಾಯ ಇಲ್ಲಿ ಸರಿಯಾಗಿ ಹೊಂದುತ್ತೆ. ಬೇರೆ ಯಾವ ಮಾತಿನಲ್ಲೂ ಆ ಪದ ಬರುವುದಿಲ್ಲ.

ವೈದ್ಯೆ ಮೇಡಂ, ನಿಮ್ಮ ಲ್ಯಾಟಿನ್ ಹೆಸರಿಗೂ ಇದೇ ದಾರಿ. ಭಾಷೆ ಕನ್ನಡ ಅಂತ ಇಟ್ಟಾಗ ಬರಹ ಕನ್ನಡ ಲಿಪಿಯಲ್ಲಿ ಬರುತ್ತೆ, ಸುಳಿವೂ ಅದೇ ಲಿಪಿಯಲ್ಲಿರಲಿ. ಪಟ್ಟಿಯಲ್ಲಿ ‘ಹೀಮಾಫೈಸಾಲಿಸ್ ಸ್ಪಿನಿಜೆರಾ’ ಕನ್ನಡದಲ್ಲೇ ಬರೆಯಿರಿ, ಡಾಕ್ಟರು ಹೇಗೆ ಉಚ್ಚರಿಸುತ್ತಾರೋ ಹಾಗೆ. ಒಂದೇ ರೂಪ ಬರತೊಡಗಿದ ಮೇಲೆ ಅದನ್ನು `Haemaphysalis spinigera` ಮಾಡಿಕೊಳ್ಳಿ. ಕನ್ನಡ ಪಟ್ಟಿಯ ನಡುವೆ ಇಂಗ್ಲಿಷ್ ಅಕ್ಷರ ಸೇರಿಸಿದರೆ ಬರಹದಲ್ಲೂ ಅಲ್ಲಲ್ಲಿ ಲಿಪಿ ಬದಲಾಗುವ ಸಂಭವ ಇದೆ. ಪ್ಲೇಟ್‌ಲೆಟ್ ಜಾಗಕ್ಕೆ ಕನ್ನಡ ಪದ ಹಾಕುವ ಕೆಲಸ ಕೊನೆಯಲ್ಲಿ ಕೈಯಿಂದಲೇ ಆಗಬೇಕು.

ಮಲೆನಾಡ ವೈದ್ಯೆ

ಸರಿ, ಅರ್ಥವಾಯಿತು. ನಮ್ಮ ಡಾಕ್ಟರು ಒಮ್ಮೆ ‘ಕೆ ಎಫ್ ಡಿ’ ಅನ್ನುತ್ತಾರೆ, ಒಮ್ಮೆ ‘ಕ್ಯಾಸನೂರು ಫಾರೆಸ್ಟ್ ಡಿಸೀಸ್’, ಒಮ್ಮೆ ‘ಮಂಗನ ಕಾಯಿಲೆ’. ಮೂರನ್ನೂ ಹಾಕಲಾ?

ಧ್ವನಿಗೆರೆ

ಮಂಗನ ಕಾಯಿಲೆ ಬೇಡ. ಎರಡೂ ಮಾಮೂಲಿ ಪದ, ತಾನಾಗಿ ಬರುತ್ತೆ. ಉಳಿದ ಎರಡು ಹಾಕಿ, ಅವರು ಬಿಡಿಬಿಡಿಯಾಗಿ ಅನ್ನುವ ಹಾಗೇ ‘ಕೆ ಎಫ್ ಡಿ’ ಅಂತ.

ಕಲ್ಲುಬರಹ

ಹತ್ತು ನಿಮಿಷ ಕೇಳಿ ತಪ್ಪುಗಳನ್ನು ಬರೆದೆ. ಬಹಳ ಉಪಯೋಗ ಆಯಿತು. ಕೆಟ್ಟ ಪದಗಳಲ್ಲಿ ಎರಡು ಥರ ಇವೆ ಅನಿಸುತ್ತಿದೆ.

ಒಂದು, ಉದ್ದದ ಪದಗಳು: ಬಿತ್ತುವಟ್ಟ, ಕಟ್ಟುಗೊಡಗೆ, ದಸವಂದ, ನಿಸಿದಿ, ಪೋರುಮಾಮಿಳ್ಳ. ಕೊನೆಯದು ಆಂಧ್ರದ ಕಡಪ ಜಿಲ್ಲೆಯ ಕೆರೆ, 1369ರಲ್ಲಿ ವಿಜಯನಗರದ ಭಾಸ್ಕರ ಭವದೂರ ಕಟ್ಟಿಸಿದ್ದು. ಕೆರೆ ಹೇಗೆ ಕಟ್ಟಬೇಕು ಅನ್ನುವುದನ್ನೇ ಆ ಶಾಸನ ಹೇಳುತ್ತದೆ, ಹಾಗಾಗಿ ಉಪನ್ಯಾಸದಲ್ಲಿ ಅದರ ಹೆಸರು ಮತ್ತೆ ಮತ್ತೆ ಬರುತ್ತೆ.

ಎರಡು, ಚಿಕ್ಕ ಪದಗಳು. ಕಮ್ಮ ಆಗಲೇ ಹೇಳಿದೆ. ನಾಣ್ಯಗಳ ಹೆಸರು ಇನ್ನೂ ಕಷ್ಟ. ‘ಹಾಗ’ ಅಂದರೆ ಪಣದ ಕಾಲುಭಾಗ. ಅದು ಎಲ್ಲಾ ಕಡೆ ‘ಹಾಗೆ’ ಅಂತ ಬಂದಿದೆ. ‘ವೀಸ’ ಅನ್ನುವುದು ಪಣದ ಹದಿನಾರನೇ ಒಂದು ಭಾಗ. ಅದು ‘ವೀಸಾ’ ಆಗಿದೆ. ‘ಪಣ’ ‘ಹಣ’ ಆಗಿದೆ.

ಇವನ್ನೂ ಪಟ್ಟಿಗೆ ಸೇರಿಸಿದೆ. ಕೂಡಲೇ ಇನ್ನೊಂದು ತೊಂದರೆ. ‘ಹಾಗೆ ನೋಡಿದರೆ’ ಅಂತ ಉಪನ್ಯಾಸಕರು ಅಂದಲ್ಲೆಲ್ಲ ‘ಹಾಗ ನೋಡಿದರೆ’ ಬರತೊಡಗಿತು.

ಧ್ವನಿಗೆರೆ

ಇದು ಬಹಳ ಜನ ಗಮನಿಸದ ಜಾಗ. ಪಟ್ಟಿ ಹಾಕಿದ ಮೇಲೆ ನಾವು ನೋಡುವುದು ‘ಹಾಗ’ ಬಂತಾ ಅಂತ ಮಾತ್ರ. ಬರಬಾರದ ಕಡೆ ಬಂತಾ ಅಂತ ನೋಡಲ್ಲ. ಉಪನ್ಯಾಸದಲ್ಲಿ ನಾಣ್ಯದ ಹಾಗ ಅಲ್ಲೊಂದು ಇಲ್ಲೊಂದು. ಮಾಮೂಲಿ ‘ಹಾಗೆ’ ನೂರಾರು ಸಲ. ಅಪರೂಪದ ಪದ ಉಳಿಸಲು ಹೋಗಿ ದಿನಬಳಕೆಯ ಪದ ಕೆಡಿಸಿಕೊಂಡರೆ ತಿದ್ದುವ ಕೆಲಸ ಜಾಸ್ತಿಯೇ ಆಗುತ್ತೆ.

ಎಲ್ಲಾ ಪದಕ್ಕೂ ಬೂಸ್ಟ್ 20 ಹಾಕಿ ಅಂದ ಮಾತಿಗೂ ಇದೇ ಉತ್ತರ. ಬೂಸ್ಟ್ ಏರಿಸಿದಷ್ಟೂ ಆಡದ ಪದ ಬಂದು ಸೇರುವ ಸಂಭವ ಏರುತ್ತೆ. ಆ ದಾರಿ ಹಿಡಿಯುವವರು ಮೊದಲು ತಮ್ಮ ಭಾಷೆ-ಮಾಡೆಲ್ ಜೋಡಿಗೆ ಈ ಸೌಲಭ್ಯ ಇದೆಯಾ ಅಂತ ಅವರ ಪಟ್ಟಿಯಲ್ಲಿ ನೋಡಿ. ಆಮೇಲೆ 5ರಿಂದ ಶುರು ಮಾಡಿ, ಸಾಲದಿದ್ದರೆ ಮಾತ್ರ ಏರಿಸಿ. ಉದ್ದದ, ಬೇರೆ ಯಾವುದಕ್ಕೂ ಹೋಲದ ಪದಕ್ಕೆ ಜಾಸ್ತಿ ಕೊಟ್ಟರೂ ತೊಂದರೆ ಕಡಿಮೆ. ಎರಡಕ್ಷರದ ಪದಕ್ಕೆ ಜಾಸ್ತಿ ಕೊಟ್ಟರೆ ಇಡೀ ಬರಹಕ್ಕೆ ಹರಡುತ್ತೆ.

ಚಿಕ್ಕ ಪದವನ್ನು ಒಂಟಿಯಾಗಿ ಕೊಡಬೇಡಿ. ಅದರ ಅಕ್ಕಪಕ್ಕದ ಮಾತಿನ ಜೊತೆ ಕೊಡಿ. ಉಪನ್ಯಾಸಕರು ‘ಹಾಗ’ ಅನ್ನುವುದು ಎಂಥ ಸಾಲಿನಲ್ಲಿ? ‘ಒಂದು ಹಾಗ’, ‘ಪಣ ಹಾಗ ವೀಸ’. ಕಮ್ಮ ಬರುವುದು ಮತ್ತರು ಎಂಬ ದೊಡ್ಡ ಅಳತೆಯ ಜೊತೆ: ‘ಮತ್ತರು ಎರಡು ಕಮ್ಮ ಐವತ್ತು’. ಆ ತುಣುಕನ್ನೇ ಪಟ್ಟಿಗೆ ಹಾಕಿ. ಆಗ ಸುತ್ತ ಮತ್ತರು, ಪಣ ಇರುವ ಕಡೆ ಸುಳಿವು ಹೆಚ್ಚು ಕೆಲಸ ಮಾಡುತ್ತೆ, ‘ಹಾಗೆ ನೋಡಿದರೆ’ ಅಷ್ಟಾಗಿ ಕೆಡಲ್ಲ. ಪೂರ್ತಿ ನಿಲ್ಲುತ್ತೆ ಅಂತ ಹೇಳಲಾರೆ.

ಇನ್ನೊಂದು ಕೆಲಸ ಮಾಡಿ. ಧ್ವನಿಯನ್ನು ವಿಷಯದ ಪ್ರಕಾರ ತುಂಡು ಮಾಡಿ. ನಾಣ್ಯದ ಭಾಗ ಬೇರೆ, ಭೂಮಿ ಅಳತೆಯ ಭಾಗ ಬೇರೆ, ಕೆರೆ ಉಸ್ತುವಾರಿಯ ಭಾಗ ಬೇರೆ. ಒಂದೊಂದಕ್ಕೂ ಅದರದೇ ಚಿಕ್ಕ ಪಟ್ಟಿ. ನಾಣ್ಯದ ಮಾತೇ ಇಲ್ಲದ ಮುಕ್ಕಾಲು ಗಂಟೆಗೆ ‘ಹಾಗ’ ಅನ್ನುವ ಸುಳಿವು ಯಾಕೆ ಹೋಗಬೇಕು?

```python
segs, info = m.transcribe("kere.wav", language="kn",
    vad_filter=True, condition_on_previous_text=False,
    hotwords="ಬಿತ್ತುವಟ್ಟ ಕಟ್ಟುಗೊಡಗೆ ದಸವಂದ ಪೋರುಮಾಮಿಳ್ಳ")
for s in segs:
    print(round(s.start), s.text)
```

`vad_filter` ಮಾತಿಲ್ಲದ ಜಾಗವನ್ನು ಮೊದಲೇ ತೆಗೆದುಹಾಕುತ್ತೆ. ಸ್ಲೈಡ್ ಬದಲಿಸುವಾಗ ‘ಅಗ್ರಹಾರ ಅರುವಣ ಆಯ’ ಅಂತ ಬಂತಲ್ಲ, ಅದು ಪಟ್ಟಿಯೇ ಸೋರಿದ್ದು. ಕೇಳಲು ಏನೂ ಇಲ್ಲದಾಗ ಮಾಡೆಲ್ ಕೈಯಲ್ಲಿರುವ ಸುಳಿವನ್ನೇ ಬರೆದುಬಿಡುತ್ತೆ. ನಿಮ್ಮ ಪಟ್ಟಿಯ ಎರಡು ಮೂರು ಪದ ಅದೇ ಕ್ರಮದಲ್ಲಿ ಬಂದಿದ್ದರೆ ಆ ಜಾಗ ತಪ್ಪದೆ ಕೇಳಿ ನೋಡಿ.

ಟೆಕ್ಕಿ ತುಮಕೂರು

ವಿಭಕ್ತಿ ಪ್ರತ್ಯಯದ ಬಗ್ಗೆ ಯಾರೂ ಹೇಳಲಿಲ್ಲ. ನಾನು ಬೂಸ್ಟ್ ಇರುವ ಸೇವೆಯಲ್ಲಿ ಊರಿನ ಹೆಸರುಗಳ ಪಟ್ಟಿ ಕೊಟ್ಟಿದ್ದೆ. ‘ಆತಕೂರು’ ಅಂತ ಒಂಟಿಯಾಗಿ ಅಂದಾಗ ಸರಿ, ‘ಆತಕೂರಿನಲ್ಲಿ’ ಅಂದಾಗ ಮತ್ತೆ ತಪ್ಪು. ಕನ್ನಡದಲ್ಲಿ ಹೆಸರು ಒಂಟಿಯಾಗಿ ಬರುವುದೇ ಕಡಿಮೆ. ಆತಕೂರಿನ, ಆತಕೂರಿಗೆ, ಆತಕೂರಲ್ಲಿ. ಉಕಾರ ಬಿದ್ದುಹೋಗುತ್ತೆ, ಪಟ್ಟಿಯಲ್ಲಿರುವ ಪದ ಮಾತಿನಲ್ಲಿ ಇರುವುದೇ ಇಲ್ಲ. ವಿಸ್ಪರ್‌ನಲ್ಲೂ ಹೀಗೇನಾ?

ಧ್ವನಿಗೆರೆ

ಒಳ್ಳೆಯ ಪ್ರಶ್ನೆ. ವಿಸ್ಪರ್‌ನಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ. ಅದು ಪದವನ್ನು ತುಂಡುಗಳಾಗಿ ಬರೆಯುತ್ತೆ. ‘ಬಿತ್ತುವಟ್ಟ’ ಸುಳಿವಿನಲ್ಲಿದ್ದರೆ ‘ಬಿತ್ತುವಟ್ಟಕ್ಕೆ’ ಅನ್ನುವುದನ್ನು ಸಾಮಾನ್ಯವಾಗಿ ತಾನೇ ಮಾಡಿಕೊಳ್ಳುತ್ತೆ, ಮೊದಲ ಭಾಗ ಹಾಗೇ ಇದೆಯಲ್ಲ. ಬೂಸ್ಟ್ ಇರುವ ಸೇವೆಗಳಲ್ಲಿ ಮತ್ತು ಇಡೀ ಪದ ಹೊಂದಿಸಿ ನೋಡುವ ಡಿಕೋಡರ್‌ಗಳಲ್ಲಿ ನೀವು ಹೇಳಿದ ತೊಂದರೆ ಇದ್ದೇ ಇದೆ. ಅಲ್ಲಿ ಮಾತಿನಲ್ಲಿ ನಿಜವಾಗಿ ಬಂದ ರೂಪಗಳನ್ನೂ ಸೇರಿಸಬೇಕು.

ಎಂಟೂ ವಿಭಕ್ತಿ ಹಾಕುವ ಅಗತ್ಯ ಇಲ್ಲ. ಊರಿನ ಹೆಸರಿಗೆ ‘-ಇನ’, ‘-ಅಲ್ಲಿ’ ಎರಡೇ ಹೆಚ್ಚು ಬರುವುದು. ನಿಮ್ಮ ತಪ್ಪುಗಳ ಪಟ್ಟಿಯಲ್ಲಿ ಯಾವ ರೂಪ ಕಂಡಿತೋ ಅದನ್ನೇ ಹಾಕಿ. ವಿಸ್ಪರ್‌ನಲ್ಲೂ ಉಕಾರದಲ್ಲಿ ಮುಗಿಯುವ ಹೆಸರಿಗೆ ಜಾಗ ಇದ್ದರೆ ‘ಆತಕೂರಿನ’ ಅನ್ನುವ ರೂಪವನ್ನೇ ಕೊಡುತ್ತೇನೆ.

ಹಳೆಲಿಪಿ

ಉಪನ್ಯಾಸಕರು ಶಾಸನದ ಪಾಠವನ್ನೇ ಓದುವ ಭಾಗ ಹೇಗೆ ಮಾಡುತ್ತೀರಿ? ‘ಸ್ವಸ್ತಿ ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ’ ಎಂದು ಶುರು ಮಾಡಿ ಉಸಿರು ಬಿಡದೆ ಓದುತ್ತಾರಲ್ಲ. ಅದಕ್ಕೆ ಎಷ್ಟು ಪದ ಹಾಕುತ್ತೀರಿ?

ಧ್ವನಿಗೆರೆ

ಒಂದೂ ಹಾಕಲ್ಲ ಸರ್. ಆ ಭಾಗಕ್ಕೆ ಪದಪಟ್ಟಿ ಉಪಯೋಗವಿಲ್ಲ. ಸಂಧಿ, ಸಮಾಸ, ಹಳಗನ್ನಡದ ಕ್ರಿಯಾಪದ ಎಲ್ಲಾ ಸೇರಿ ಪ್ರತಿ ಪದವೂ ಹೊಸದೇ. ಯಂತ್ರ ಬರೆದದ್ದನ್ನು ಪೂರ್ತಿ ಅಳಿಸಿ, ಆ ಶಾಸನ ಯಾವ ಸಂಪುಟದಲ್ಲಿ ಅಚ್ಚಾಗಿದೆಯೋ ಅಲ್ಲಿನ ಪಾಠ ನೋಡಿ ಟೈಪ್ ಮಾಡುವುದೇ ವಾಸಿ. ಎಪಿಗ್ರಾಫಿಯಾ ಕರ್ನಾಟಿಕಾ ಇದೆಯಲ್ಲ. ಓದು ಶುರುವಾದ ನಿಮಿಷ, ಮುಗಿದ ನಿಮಿಷ ಗುರುತು ಹಾಕಿಟ್ಟರೆ ಸಾಕು.

ಹಳೆಲಿಪಿ

ಹಾಗಾದರೆ ಒಂದು ಎಚ್ಚರಿಕೆ. ಉಪನ್ಯಾಸಕರು ಅಚ್ಚಾದ ಪಾಠವನ್ನೇ ಓದುತ್ತಾರೆ ಅಂತ ಇಲ್ಲ. ಕೆಲವರು ತಾವೇ ಕಲ್ಲು ನೋಡಿ ಪಾಠ ತಿದ್ದಿರುತ್ತಾರೆ. ಅಂಥ ಕಡೆ ಅಚ್ಚಿನದನ್ನು ತಂದು ಕೂರಿಸಿದರೆ ಅವರ ಕೆಲಸವೇ ಅಳಿಸಿಹೋಗುತ್ತದೆ. ಅವರಿಗೆ ತೋರಿಸಿ, ಒಪ್ಪಿಗೆ ಪಡೆದೇ ಹಾಕಿ.

ಕಲ್ಲುಬರಹ

ಇದು ನಮಗೆ ಹೊಳೆದಿರಲಿಲ್ಲ ಸರ್. ನಮ್ಮ ಉಪನ್ಯಾಸಕರು ಎರಡು ಕಡೆ ‘ಅಚ್ಚಿನಲ್ಲಿ ಹೀಗಿದೆ, ಕಲ್ಲಿನಲ್ಲಿ ಹೀಗಿದೆ’ ಅಂತ ಹೇಳಿದ್ದಾರೆ. ಆ ಭಾಗವನ್ನು ಅವರ ಹತ್ತಿರವೇ ಬರೆಸಿಕೊಳ್ಳುತ್ತೇವೆ.

ಧ್ವನಿಗೆರೆ ಸರ್ ಹೇಳಿದ ಹಾಗೆ ಮೂರು ತುಂಡು ಮಾಡಿ, ಮೂರು ಪಟ್ಟಿ ಕೊಟ್ಟು ಓಡಿಸಿದೆ. ಪರೀಕ್ಷೆಗೆ ತಪ್ಪು ಹುಡುಕಿದ ಹತ್ತು ನಿಮಿಷ ಬಿಟ್ಟು ಬೇರೆ ಭಾಗ ಕೇಳಿದೆ. ಕೆರೆ ಭಾಗದಲ್ಲಿ ಬಿತ್ತುವಟ್ಟ, ಕಟ್ಟುಗೊಡಗೆ, ದಸವಂದ ಬಹುತೇಕ ಎಲ್ಲಾ ಕಡೆ ಸರಿ. ‘ಬಿತ್ತುವಟ್ಟವಾಗಿ’ ಅನ್ನುವುದೂ ಸರಿ ಬಂದಿದೆ, ಆ ರೂಪ ಪಟ್ಟಿಯಲ್ಲಿ ಇರಲಿಲ್ಲ. ಅಳತೆ ಭಾಗದಲ್ಲಿ ಮತ್ತರಿನ ಜೊತೆ ಬಂದ ಕಮ್ಮ ಉಳಿದಿದೆ. ಆದರೆ ‘ಈ ಕಮ್ಮ ಅಂದರೆ ಏನು’ ಅಂತ ಒಂಟಿಯಾಗಿ ಕೇಳಿದ ಕಡೆ ಮತ್ತೆ ‘ಕಮ್ಮಿ’. ನಾಣ್ಯದ ಭಾಗದಲ್ಲಿ ‘ಹಾಗೆ’ ಕೆಡುವುದು ಕಡಿಮೆಯಾಗಿದೆ, ನಿಂತಿಲ್ಲ. ವೀಸಾ ಮಾತ್ರ ವೀಸಾ ಆಗಿಯೇ ಇದೆ.

ಹಾಸನದ ಹುಡುಗ

ವೀಸಾ ನನಗೆ ಬಿಡಿ. ಕೆರೆ ಶಾಸನದ ಉಪನ್ಯಾಸದಲ್ಲಿ ಪಾಸ್‌ಪೋರ್ಟಿನ ವೀಸಾ ಯಾಕೆ ಬರುತ್ತೆ? ಇದ್ದಲ್ಲೆಲ್ಲ ವೀಸ ಮಾಡಿ.

ಧ್ವನಿಗೆರೆ

ಇದು ಸರಿ. ಬೇರೆ ಅರ್ಥದಲ್ಲಿ ಬರುವ ಸಂಭವವೇ ಇಲ್ಲದ ಪದಕ್ಕೆ ಪಟ್ಟಿಯ ಜಾಗ ಖರ್ಚು ಮಾಡುವುದೂ ಬೇಡ. ವೀಸವನ್ನು ಪಟ್ಟಿಯಿಂದ ತೆಗೆದು ಕೊನೆಯಲ್ಲಿ ಬದಲಾಯಿಸಿ.

ಹಾಗ, ಕಮ್ಮಗಳಿಗೆ ನನ್ನ ಬಳಿ ಪೂರ್ತಿ ಉತ್ತರ ಇಲ್ಲ. ಬರಹದಲ್ಲಿ ‘ಹಾಗೆ’, ‘ಹಾಗ’, ‘ಕಮ್ಮಿ’, ‘ಕಮ್ಮ’ ಇರುವ ಸಾಲುಗಳನ್ನು ಹುಡುಕಿ, ಹಿಂದೆ ಮುಂದೆ ಅಂಕಿ ಇರುವ ಸಾಲುಗಳನ್ನು ಮಾತ್ರ ಧ್ವನಿಯ ಜೊತೆ ಕೇಳಿ. ‘ಐವತ್ತು ಕಮ್ಮಿ’ ಅಂಥದ್ದರಲ್ಲಿ ಸಿಗುತ್ತೆ. ಅಂಕಿಯಿಲ್ಲದೆ ಬಂದದ್ದು ತಪ್ಪಿಸಿಕೊಳ್ಳಬಹುದು, ಅದಕ್ಕೆ ಅಳತೆಯ ಭಾಗವನ್ನು ಒಬ್ಬರು ಪೂರ್ತಿ ಕೇಳಲೇಬೇಕು.

ಟೆಕ್ಕಿ ತುಮಕೂರು

ಇಷ್ಟೆಲ್ಲ ಬದಲು, ತಿದ್ದಿದ ಬರಹ ಮತ್ತು ಧ್ವನಿ ಸೇರಿಸಿ ಮಾಡೆಲ್‌ಗೇ ತರಬೇತಿ ಕೊಡಬಾರದಾ? ನಿಮ್ಮ ಬಳಗದಲ್ಲಿ ಹಳೆಯ ಉಪನ್ಯಾಸಗಳೂ ಇರಬೇಕಲ್ಲ.

ಧ್ವನಿಗೆರೆ

ಒಂದು ಉಪನ್ಯಾಸಕ್ಕೆ ಅದು ಹೊರೆ. ಗಂಟೆಗಟ್ಟಲೆ ತಿದ್ದಿದ ಬರಹ ಬೇಕು, ಅದೂ ಸಾಲುಸಾಲಿಗೆ ಧ್ವನಿಯ ಜೊತೆ ಹೊಂದಿಸಿದ್ದು. ಒಬ್ಬರದೇ ಧ್ವನಿಯಲ್ಲಿ ಕಲಿಸಿದರೆ ಬೇರೆಯವರ ಮಾತಿಗೆ ಕೆಡಲೂಬಹುದು. ವರ್ಷಕ್ಕೆ ಹತ್ತಾರು ಉಪನ್ಯಾಸ ಮಾಡುವ ಬಳಗವಾದರೆ ಬೇರೆ ಲೆಕ್ಕ.

ಟೆಕ್ಕಿ ತುಮಕೂರು

ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಹಾಗ, ಕಮ್ಮಗಳಂಥ ಪದಗಳು ಸುಳಿವಿನಿಂದ ಬಗೆಹರಿಯಲ್ಲ ಅಂತ ನೀವೇ ಹೇಳಿದಿರಿ. ಸಾಲಿನ ಅರ್ಥ ತಿಳಿದರೆ ಮಾತ್ರ ಅವು ಸರಿಯಾಗುತ್ತವೆ, ಅದು ಕಲಿಕೆಯಿಂದಲೇ ಬರಬೇಕು. ಕಲ್ಲುಬರಹ ಅವರು ಒಪ್ಪಿದರೆ, ತಿದ್ದಿದ ಬರಹ ಸಿಕ್ಕ ಮೇಲೆ ಪ್ರಯತ್ನ ಮಾಡಿ ನೋಡುತ್ತೇನೆ.

ಕಲ್ಲುಬರಹ

ಉಪನ್ಯಾಸಕರನ್ನು ಕೇಳಿ ಹೇಳುತ್ತೇನೆ. ಅವರ ಧ್ವನಿ, ಅವರ ಒಪ್ಪಿಗೆ ಇಲ್ಲದೆ ಯಾರಿಗೂ ಕೊಡಲಾಗದು. ತಪ್ಪುಗಳ ಪಟ್ಟಿ ಮತ್ತು ಮೂರೂ ಪದಪಟ್ಟಿಗಳನ್ನು ಮಾತ್ರ ಈಗಲೇ ಇಲ್ಲಿ ಹಾಕಬಲ್ಲೆ. ಹಳೆಲಿಪಿ ಸರ್, ೞ ಮತ್ತು ಱ ಬರಬೇಕಾದ ಪದಗಳನ್ನು ನೀವು ಒಮ್ಮೆ ನೋಡಿಕೊಟ್ಟರೆ ಕೊನೆಯ ಬದಲಾವಣೆಯ ಪಟ್ಟಿಗೆ ಸೇರಿಸುತ್ತೇನೆ.

ಹಳೆಲಿಪಿ

ಕಳಿಸಿ, ನೋಡುತ್ತೇನೆ. ‘ಕೆರೆ’ ಅನ್ನುವಲ್ಲೂ ಹಳೆಯ ಶಾಸನಗಳಲ್ಲಿ ಱಕಾರ ಬರುತ್ತದೆ. ಅದನ್ನು ಎಲ್ಲಾ ಕಡೆ ಬದಲಾಯಿಸಬೇಡಿ. ಪಾಠ ಉದ್ಧರಿಸಿದ ಕಡೆ ಮಾತ್ರ ಇರಲಿ ಱ, ಅವರು ಇವತ್ತಿನ ಮಾತಿನಲ್ಲಿ ವಿವರಿಸುವ ಕಡೆ ಕೆರೆ ಕೆರೆಯಾಗಿಯೇ ಇರಲಿ.